ಕಿವಿ ಮೊರೆತಕ್ಕೆ ಬಂದವರನ್ನು ಗೊರಕೆಯ ಬಗ್ಗೆ ಏಕೆ ಕೇಳುತ್ತೇನೆ

"ಡಾಕ್ಟ್ರೇ, ಕಿವಿಯೊಳಗೆ ಜೀರುಂಡೆ ಸೇರ್ಕೊಂಡಿದೆ" ಎನ್ನುತ್ತಲೇ ಅವರು ಕುರ್ಚಿಯಲ್ಲಿ ಕುಳಿತರು. ವಯಸ್ಸು 54, ಬಟ್ಟೆ ಅಂಗಡಿ ನಡೆಸುವವರು. ಎಂಟು ತಿಂಗಳಿಂದ ಎರಡೂ ಕಿವಿಯಲ್ಲಿ ಒಂದೇ ಸಮನೆ ಜೀ ಎಂಬ ಸದ್ದು. ಹಗಲು ವ್ಯಾಪಾರದ ಗದ್ದಲದಲ್ಲಿ ಅಷ್ಟಾಗಿ ತಿಳಿಯದು. ರಾತ್ರಿ ಮಲಗಿದರೆ ಅದೊಂದೇ ಕೇಳುತ್ತದೆ. ನಿದ್ದೆ ಬರುತ್ತಿಲ್ಲವೆಂದು ಪರಿಚಯದ ಮೆಡಿಕಲ್ ಶಾಪ್‌ನಲ್ಲಿ ಆಲ್ಪ್ರಜೋಲಾಮ್ ಮಾತ್ರೆ ತಂದು ನಾಲ್ಕು ತಿಂಗಳಿಂದ ದಿನವೂ ನುಂಗುತ್ತಿದ್ದರು. ಮಾತ್ರೆ ನುಂಗಿದ ಕೂಡಲೇ ನಿದ್ದೆ ಹತ್ತುತ್ತಿತ್ತು. ಆದರೆ ಬೆಳಿಗ್ಗೆ ಏಳುವಾಗ ತಲೆ ಭಾರ, ಬಾಯಿ ಒಣಗಿರುತ್ತಿತ್ತು, ಮೊರೆತ ಹಿಂದಿನ ರಾತ್ರಿಗಿಂತ ಜೋರಾಗಿರುತ್ತಿತ್ತು.

ಈ ಕೊನೆಯ ಮಾತು ನನ್ನ ಕಿವಿ ನಿಮಿರಿಸಿತು. ಚೆನ್ನಾಗಿ ನಿದ್ದೆ ಮಾಡಿ ಎದ್ದವರಿಗೆ ಮೊರೆತ ಸಾಮಾನ್ಯವಾಗಿ ತುಸು ಸಹನೀಯವಾಗಿರುತ್ತದೆ. ಏಳು ಗಂಟೆ ಮಲಗಿ ಎದ್ದರೂ ಹೆಚ್ಚಾಗಿದೆ ಎಂದರೆ ಆ ನಿದ್ದೆಯಲ್ಲೇ ಏನೋ ನಡೆಯುತ್ತಿದೆ. "ಗೊರಕೆ ಹೊಡೀತೀರಾ?" ಎಂದು ಕೇಳಿದೆ. ಅವರು "ಸ್ವಲ್ಪ" ಎಂದರು. ಪಕ್ಕದಲ್ಲಿದ್ದ ಹೆಂಡತಿ ತಡೆಯಲಿಲ್ಲ: "ಸ್ವಲ್ಪ ಅಲ್ಲ ಡಾಕ್ಟ್ರೇ, ಪಕ್ಕದ ರೂಮಿಗೂ ಕೇಳುತ್ತೆ. ನಡುವೆ ಒಮ್ಮೊಮ್ಮೆ ಉಸಿರೇ ನಿಂತುಹೋಗುತ್ತೆ. ನಾನು ಅಲುಗಾಡಿಸ್ತೀನಿ, ಆಮೇಲೆ ಗಕ್ ಅಂತ ಎಳ್ಕೋತಾರೆ. ಆ ಮಾತ್ರೆ ಶುರುವಾದ ಮೇಲೆ ಇನ್ನೂ ಜಾಸ್ತಿ."

ರೋಗಿ ನಿದ್ದೆಯಲ್ಲಿರುವುದರಿಂದ ಇದು ಅವರಿಗೇ ತಿಳಿದಿರುವುದಿಲ್ಲ. ಹಾಗಾಗಿ ಮೊರೆತಕ್ಕೆಂದು ಬಂದವರ ಜೊತೆ ಮನೆಯವರನ್ನೂ ನಾನು ಒಳಗೆ ಕರೆಯುತ್ತೇನೆ.

ಗಂಟಲಿನ ಮೆದು ಭಾಗ ಅದುರಿದರೆ ಗೊರಕೆ. ಅದೇ ಭಾಗ ಕುಸಿದು ಗಾಳಿಯ ದಾರಿಯನ್ನೇ ಮುಚ್ಚಿ, ಕನಿಷ್ಠ 10 ಸೆಕೆಂಡ್ ಉಸಿರು ಕಟ್ಟಿದರೆ ಅದು ಆಪ್ನಿಯಾ. ಗಂಟೆಗೆ ಎಷ್ಟು ಸಲ ಉಸಿರು ಪೂರ್ತಿ ನಿಂತಿತು ಅಥವಾ ತೀರಾ ಕುಗ್ಗಿತು ಎಂಬುದರ ಮೇಲೆ ತೀವ್ರತೆ ಅಳೆಯುತ್ತೇವೆ: 5ರಿಂದ 15 ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ. ಇವರ ಸ್ಲೀಪ್ ಸ್ಟಡಿಯಲ್ಲಿ ಬಂದದ್ದು 38. ಅಂದರೆ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಮ್ಮೆ. ರಕ್ತದ ಆಮ್ಲಜನಕ ಕೆಲವು ಸಲ ಶೇ. 76ಕ್ಕೆ ಇಳಿದಿತ್ತು.

ಇದಕ್ಕೂ ಕಿವಿಗೂ ಏನು ಸಂಬಂಧ? ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಅಂಗ. ಅದಕ್ಕೆ ರಕ್ತ ತಲುಪುವುದು ಒಂದು ಸಣ್ಣ ಅಪಧಮನಿಯಿಂದ. ಆ ದಾರಿಯಲ್ಲಿ ಹರಿವು ಕುಗ್ಗಿದರೆ ಪಕ್ಕದಿಂದ ರಕ್ತ ತುಂಬಿಕೊಡುವ ಬದಲಿ ದಾರಿ ಇಲ್ಲ. ಸದ್ದನ್ನು ನರದ ಸಂದೇಶವಾಗಿಸುವ ಅಲ್ಲಿನ ಕೇಶಕೋಶಗಳಿಗೆ ಆಮ್ಲಜನಕ ಬಿಡುವಿಲ್ಲದೆ ಬೇಕು. ಅದರಲ್ಲೂ ಸುರುಳಿಯ ಬುಡದಲ್ಲಿ, ಕೀಚಲು ಸ್ವರಗಳನ್ನು ಹಿಡಿಯುವ ಕೋಶಗಳು ಬಲು ಸೂಕ್ಷ್ಮ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ರಾತ್ರಿಯಿಡೀ ಆಮ್ಲಜನಕ ಏರಿಳಿದು, ಪ್ರತಿ ಸಲ ಉಸಿರು ಕಟ್ಟಿದಾಗಲೂ ರಕ್ತದೊತ್ತಡ ಜಿಗಿದರೆ ಇಂಥ ಅಂಗಕ್ಕೆ ಪೆಟ್ಟಾಗುತ್ತದೆ ಎಂಬುದು ನಮ್ಮ ತಿಳಿವಳಿಕೆ.

ತಿಳಿವಳಿಕೆ ಎಂದೆ, ಸಾಬೀತಾಗಿದೆ ಎನ್ನಲಿಲ್ಲ. ಅಮೆರಿಕದಲ್ಲಿ ಹಿಸ್ಪಾನಿಕ್ ಸಮುದಾಯದ ಸುಮಾರು 14 ಸಾವಿರ ಜನರನ್ನು ಪರೀಕ್ಷಿಸಿದಾಗ ಆಪ್ನಿಯಾ ಇರುವವರಲ್ಲಿ ಶ್ರವಣದೋಷ ಹೆಚ್ಚು ಕಂಡಿತು. ಆದರೆ ಎರಡೂ ಒಟ್ಟಿಗಿವೆ ಎಂದಷ್ಟೇ ಅಂಥ ಅಧ್ಯಯನ ಹೇಳಬಲ್ಲದು. ವಯಸ್ಸು, ಬೊಜ್ಜು, ಬಿಪಿ, ಸಕ್ಕರೆ ಕಾಯಿಲೆ ಎರಡಕ್ಕೂ ದಾರಿ ಮಾಡಿಕೊಡುತ್ತವೆ. ಆದ್ದರಿಂದ "ನಿಮ್ಮ ಕಿವಿ ಹೋದದ್ದು ಗೊರಕೆಯಿಂದಲೇ" ಎಂದು ಯಾವ ರೋಗಿಗೂ ನಾನು ಹೇಳುವುದಿಲ್ಲ.

ಯಾವ ಸ್ವರ ಕೇಳಲು ಎಷ್ಟು ಡೆಸಿಬೆಲ್ ಸದ್ದು ಬೇಕೆಂದು ತೋರಿಸುವ ನಕ್ಷೆ ಆಡಿಯೋಗ್ರಾಂ. ಇವರದರಲ್ಲಿ 1000 ಹರ್ಟ್ಜ್‌ವರೆಗೆ ಗೆರೆ 20 ಡೆಸಿಬೆಲ್‌ನ ಆಸುಪಾಸಿನಲ್ಲಿತ್ತು, ಅಂದರೆ ಸರಿಯಾಗಿಯೇ ಇತ್ತು. ಅಲ್ಲಿಂದ ಇಳಿಜಾರು: 4000ದಲ್ಲಿ 45, 8000ದಲ್ಲಿ 60. ಎರಡೂ ಕಿವಿ ಒಂದೇ ತರಹ. ವಯಸ್ಸಿನಿಂದ ಬರುವ ಕಿವುಡೂ ಹೀಗೇ ಕಾಣುತ್ತದೆ. ಆಡಿಯೋಗ್ರಾಂ ನೋಡಿ ಆಪ್ನಿಯಾ ಹೇಳಲಾಗದು.

ಮೊರೆತದ ವಿಷಯದಲ್ಲಿ ನಂಟು ಇನ್ನಷ್ಟು ನೇರವಾದದ್ದು. ಕೀಚಲು ಸ್ವರಗಳು ಕಿವಿಯಿಂದ ಬರುವುದು ಕಡಿಮೆಯಾದಾಗ ಮಿದುಳು ಆ ಕೊರತೆಗೆ ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಹೊರಗೆ ಇಲ್ಲದ ಸದ್ದು ಒಳಗೆ ಕೇಳತೊಡಗುತ್ತದೆ. ಚೆನ್ನಾಗಿ ನಿದ್ದೆ ಮಾಡಿದ ಮಿದುಳು ಅದನ್ನು ಹಿನ್ನೆಲೆಗೆ ಸರಿಸಬಲ್ಲದು. ಗಂಟೆಗೆ 38 ಸಲ ಬೆಚ್ಚಿದ ಮಿದುಳಿಗೆ ಆ ತ್ರಾಣ ಇರುವುದಿಲ್ಲ. ಇಲ್ಲಿ ನಿದ್ದೆ ಮಾತ್ರೆ ಅಥವಾ ರಾತ್ರಿಯ ಮದ್ಯ ಬಂದರೆ ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ, ಉಸಿರು ಕಟ್ಟಿದಾಗ ಎಚ್ಚರವಾಗುವುದೂ ತಡವಾಗುತ್ತದೆ. ಮೊರೆತಕ್ಕೆಂದು ನುಂಗಿದ ಮಾತ್ರೆಯೇ ಮೊರೆತಕ್ಕೆ ಗೊಬ್ಬರ ಹಾಕುತ್ತಿತ್ತು. ತಿಂಗಳುಗಟ್ಟಲೆ ತೆಗೆದುಕೊಂಡ ಇಂಥ ಮಾತ್ರೆಯನ್ನು ಒಮ್ಮೆಲೇ ಬಿಡುವುದೂ ಅಪಾಯ. ನಾಲ್ಕೈದು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ ನಿಲ್ಲಿಸಿದೆವು.

ಉಸಿರಿಗೆ ಸಿಪ್ಯಾಪ್ ಯಂತ್ರ ಕೊಟ್ಟೆವು. ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಕುಸಿಯದಂತೆ ತಡೆಯುವ ಯಂತ್ರ ಇದು. ಐದನೇ ದಿನವೇ ವಾಪಸ್ ಬಂದರು: "ಕಿವಿ ಕಟ್ಟಿದ ಹಾಗೆ ಆಗಿದೆ, ಇದರಿಂದ ಇರೋ ಕಿವಿನೂ ಹೋಗುತ್ತೆ." ಯಂತ್ರವನ್ನು ಮೂಲೆಗಿಡುವವರಲ್ಲಿ ಅನೇಕರು ಇಲ್ಲೇ ಕೈಬಿಡುತ್ತಾರೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಸಣ್ಣ ನಾಳದ ಮೂಲಕ ಒತ್ತಡ ಕಿವಿಗೂ ತಲುಪುತ್ತದೆ. ಮೂಗು ಕಟ್ಟಿದ್ದರೆ ತೊಂದರೆ ಹೆಚ್ಚು. ಇವರ ಕಿವಿ ತಮಟೆ ಸರಿಯಿತ್ತು, ಮೂಗಿನೊಳಗೆ ಊತವಿತ್ತು. ಮೂಗಿಗೆ ಸ್ಪ್ರೇ ಕೊಟ್ಟು, ಯಂತ್ರಕ್ಕೆ ಹ್ಯೂಮಿಡಿಫೈಯರ್ ಜೋಡಿಸಿ, ಒತ್ತಡ ಮೆಲ್ಲನೆ ಏರುವಂತೆ ಹೊಂದಿಸಿದ ಮೇಲೆ ಎರಡು ವಾರದಲ್ಲಿ ಕಟ್ಟಿದ ಭಾವ ಹೋಯಿತು.

ಆ ಹೊತ್ತಿಗೆ ಹೆಂಡತಿ ಕೇಳಿದರು: "ಇಷ್ಟು ವರ್ಷ ಆ ಸದ್ದು ಕೇಳಿದ್ದೀನಲ್ಲ, ನನ್ನ ಕಿವಿಗೇನಾದ್ರೂ ಆಗಿರುತ್ತಾ?" ನ್ಯಾಯವಾದ ಪ್ರಶ್ನೆ. ಕೆನಡಾದಲ್ಲಿ ಕೆಲವೇ ದಂಪತಿಗಳ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ, ಗೊರಕೆಯತ್ತ ಇದ್ದ ಕಿವಿಯಲ್ಲಿ ದೋಷ ಕಂಡಿತ್ತು. ಅಷ್ಟರಿಂದ ತೀರ್ಮಾನಿಸಲಾಗದು. ಅವರಿಗೂ ಪರೀಕ್ಷೆ ಮಾಡಿಸಿದೆ, ಎರಡೂ ಕಿವಿ ಸರಿಯಿದ್ದವು.

ಮೂರು ತಿಂಗಳ ನಂತರ ಆಡಿಯೋಗ್ರಾಂ ಮೊದಲಿನಂತೆಯೇ ಇತ್ತು, ಒಂದು ಡೆಸಿಬೆಲ್ಲೂ ಸುಧಾರಿಸಿರಲಿಲ್ಲ. ಯಂತ್ರ ಹೋದ ಕೋಶವನ್ನು ತರುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಬದಲಾದದ್ದು ಮೊರೆತದ ಕಾಟ. ನೂರಕ್ಕೆ ಅಂಕ ಕೊಡುವ ಪ್ರಶ್ನಾವಳಿಯಲ್ಲಿ ಅದು 58ರಿಂದ 30ಕ್ಕೆ ಇಳಿದಿತ್ತು. ಸದ್ದು ಇದೆ, ಆದರೆ ನೆನಪಾದಾಗ ಮಾತ್ರ ಕೇಳುತ್ತದೆ ಎಂದರು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಲ್ಲಿ ನಿದ್ದೆ ಸುಧಾರಿಸಿದರೂ ಮೊರೆತ ಹಾಗೇ ಉಳಿದದ್ದನ್ನು ನೋಡಿದ್ದೇನೆ.

ಎರಡು ಸಂದರ್ಭಗಳಲ್ಲಿ ಗೊರಕೆಯ ಲೆಕ್ಕ ಬದಿಗಿಟ್ಟು ಓಡಿ ಬನ್ನಿ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದೊಳಗೆ ಮಂದವಾದರೆ ಅದು ತುರ್ತು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಸಿಕ್ಕಷ್ಟೂ ಒಳ್ಳೆಯದು, ಎರಡು ವಾರ ಕಳೆದರೆ ಪ್ರಯೋಜನ ಬಹಳ ಕಡಿಮೆ. ಇನ್ನೊಂದು, ಸದ್ದು ಜೀ ಎನ್ನದೆ ನಾಡಿಬಡಿತದ ಲಯದಲ್ಲೇ ದಬ್ ದಬ್ ಎಂದರೆ ರಕ್ತನಾಳಗಳ ಸ್ಕ್ಯಾನ್ ಬೇಕಾಗಬಹುದು.

ಉಳಿದ ಕಿವುಡಿಗೆ ಈಗ ಅವರು ಎರಡೂ ಕಿವಿಗೆ ಶ್ರವಣಯಂತ್ರ ಹಾಕುತ್ತಾರೆ. ಹೆಂಗಸರ, ಮಕ್ಕಳ ಮಾತಿನ ಸ, ಶ, ತ ಅಕ್ಷರಗಳು ಆ ಇಳಿಜಾರಿನಲ್ಲೇ ಜಾರಿಹೋಗುತ್ತಿದ್ದವು. ಹೊರಗಿನ ಸದ್ದು ಒಳಗೆ ಬರತೊಡಗಿದ ಮೇಲೆ ಹಗಲಿನ ಮೊರೆತವೂ ತಗ್ಗಿದೆ. ಕಳೆದ ತಿಂಗಳು ಸಂಬಂಧಿಕರ ಮದುವೆಗೆಂದು ಸಿಪ್ಯಾಪ್ ಬಿಟ್ಟು ಊರಿಗೆ ಹೋಗಿದ್ದರಂತೆ. ಮೂರನೇ ಬೆಳಿಗ್ಗೆಗೆ ಜೀರುಂಡೆ ಮತ್ತೆ ಜೋರಾಗಿತ್ತು, ನಾಲ್ಕನೇ ದಿನ ನಿಲ್ಲದೆ ಮನೆಗೆ ಮರಳಿದರು.