ಒಂದು ಗೆರೆ ಮೇಲೆ ಹೋದರೆ ಒಂದು ಸೊನ್ನೆ ಜಾಸ್ತಿ

1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್, ಅಂದರೆ ಕರೆಂಟನ್ನು ಹಾಯಿಸುವ, ತಡೆಯುವ ಪುಟ್ಟ ಸ್ವಿಚ್‌ಗಳು ಇದ್ದವು. 2020ರ ಆಪಲ್ ಎಂ1 ಚಿಪ್‌ನಲ್ಲಿ 1,600 ಕೋಟಿ. ಈ ಏರಿಕೆಯನ್ನು ಒಂದು ಗ್ರಾಫ್‌ನಲ್ಲಿ ತೋರಿಸೋಣ ಎಂದು ನಾನು ಪೆನ್ಸಿಲ್ ಹಿಡಿದು ಕೂತೆ. ಗ್ರಾಫ್ ಹಾಳೆಯಲ್ಲಿ 16 ಸೆಂ.ಮೀ. ಎತ್ತರದ ಜಾಗವಿತ್ತು. ಒಂದು ಸೆಂ.ಮೀ.ಗೆ ನೂರು ಕೋಟಿ ಎಂದು ಲೆಕ್ಕ ಹಾಕಿದೆ.

ಎಂ1 ಸರಿಯಾಗಿ ಮೇಲ್ತುದಿಯಲ್ಲಿ ಕೂತಿತು. 2000ದ ಪೆಂಟಿಯಂ 4ರಲ್ಲಿ 4.2 ಕೋಟಿ ಟ್ರಾನ್ಸಿಸ್ಟರ್ ಇದ್ದರೂ ಅದಕ್ಕೆ ಸಿಕ್ಕ ಎತ್ತರ ಅರ್ಧ ಮಿಲಿಮೀಟರ್‌ಗೂ ಕಡಿಮೆ. 1993ರ ಪೆಂಟಿಯಂನ 31 ಲಕ್ಷಕ್ಕೆ ಕೂದಲಿನ ದಪ್ಪವೂ ಸಿಗಲಿಲ್ಲ. ಮೂವತ್ತು ವರ್ಷದ ಚರಿತ್ರೆ ಪೆನ್ಸಿಲ್ ಗೆರೆಯ ಅಡಿಯಲ್ಲೇ ಮುಚ್ಚಿಹೋಯಿತು. ಅಷ್ಟು ಕಾಲ ಏನೂ ಆಗಲೇ ಇಲ್ಲ, ಕೊನೆಗೆ ಒಮ್ಮೆಲೇ ಜಿಗಿಯಿತು ಎಂದು ಆ ಚಿತ್ರ ಹೇಳುತ್ತದೆ. ಅದು ತಪ್ಪು.

ಇಂಥ ಕಡೆ ಬೇಕಾಗುವುದು ಲಾಗ್ ಅಳತೆ. ಹೆಸರು ಕೇಳಿ ಹೆದರಬೇಡಿ. ಬಿಡಿ, ಹತ್ತು, ನೂರು, ಸಾವಿರ ಎಂದು ಶಾಲೆಯಲ್ಲಿ ಕಲಿತಿದ್ದೇವಲ್ಲ, ಆ ಸ್ಥಾನಗಳನ್ನೇ ಒಂದರ ಮೇಲೊಂದು ಸಮ ಅಂತರದಲ್ಲಿ ಜೋಡಿಸಿದರೆ ಆಯಿತು. ಒಂದು ಗೆರೆ ಮೇಲೆ ಹೋದರೆ ಒಂದು ಸೊನ್ನೆ ಜಾಸ್ತಿ, ಅಂದರೆ ಹತ್ತು ಪಟ್ಟು.

ಅದೇ ಹಾಳೆಯಲ್ಲಿ ಮತ್ತೆ ಬರೆದೆ. ತಳದಲ್ಲಿ ಸಾವಿರ, ತುದಿಯಲ್ಲಿ ಹತ್ತು ಸಾವಿರ ಕೋಟಿ. ನಡುವೆ ಎಂಟು ಮೆಟ್ಟಿಲು, ಒಂದೊಂದಕ್ಕೂ 2 ಸೆಂ.ಮೀ. ಈಗ 4004 ತಳದಿಂದ 0.7 ಸೆಂ.ಮೀ. ಮೇಲೆ ಬಂತು, ಪೆಂಟಿಯಂ 7ಕ್ಕೆ, ಪೆಂಟಿಯಂ 4 ಸುಮಾರು 9.2ಕ್ಕೆ, ಎಂ1 14.4ಕ್ಕೆ. ಚುಕ್ಕಿಗಳೆಲ್ಲ ಹೆಚ್ಚು ಕಡಿಮೆ ಒಂದೇ ನೇರ ಗೆರೆಯಲ್ಲಿ ನಿಂತವು. ಲಾಗ್ ಅಳತೆಯಲ್ಲಿ ನೇರ ಗೆರೆ ಬಂದರೆ, ಪ್ರತಿ ವರ್ಷವೂ ಹೆಚ್ಚು ಕಡಿಮೆ ಅಷ್ಟೇ ಪಟ್ಟು ಬೆಳೆದಿದೆ ಎಂದು ಅರ್ಥ. ಎಷ್ಟು ಪಟ್ಟು ಎಂಬುದನ್ನೂ ಸ್ಕೇಲ್ ಇಟ್ಟೇ ಅಳೆಯಬಹುದು. ಈ ಹಾಳೆಯಲ್ಲಿ ಎರಡರಷ್ಟಾಗುವುದು ಎಂದರೆ 0.6 ಸೆಂ.ಮೀ. ಏರುವುದು. 49 ವರ್ಷದಲ್ಲಿ ಗೆರೆ ಏರಿದ್ದು 13.7 ಸೆಂ.ಮೀ. ಭಾಗಿಸಿ ನೋಡಿದರೆ ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಸಮಯಕ್ಕೊಮ್ಮೆ ಎರಡರಷ್ಟು. ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದು ಇಂಟೆಲ್ ಕಟ್ಟಿದವರಲ್ಲೊಬ್ಬರಾದ ಗಾರ್ಡನ್ ಮೂರ್ 1975ರಲ್ಲಿ ಹೇಳಿದ್ದು ಹೀಗೆ ಕಣ್ಣಿಗೇ ಕಾಣುತ್ತದೆ.

ಹಾಳೆಯನ್ನು ಪಿಯುಸಿ ಓದುವ ಅಕ್ಕನ ಮಗಳಿಗೆ ತೋರಿಸಿದೆ. ಅವಳು ಸಾವಿರ ಮತ್ತು ಹತ್ತು ಸಾವಿರದ ಗೆರೆಗಳ ಸರಿ ನಡುವೆ ಬೆರಳಿಟ್ಟು, "ಇದು ಐದೂವರೆ ಸಾವಿರ ಅಲ್ವಾ ಮಾಮ?" ಎಂದಳು. ಅಲ್ಲ, ಅದು ಸುಮಾರು 3,160. ಐದು ಸಾವಿರ ಇನ್ನೂ ಮೇಲಿದೆ, ಸಾವಿರದ ಗೆರೆಯಿಂದ 1.4 ಸೆಂ.ಮೀ. ದೂರದಲ್ಲಿ. ಅವಳ ತಪ್ಪೇನಿಲ್ಲ. ಸಮ ಅಂತರ ಕಂಡರೆ ಸಮವಾಗಿ ಕೂಡಿಸುತ್ತಾ ಹೋಗುವುದೇ ನಮ್ಮ ಕಣ್ಣಿನ ಅಭ್ಯಾಸ. 2020ರಲ್ಲಿ ಕೆಲವು ಸಂಶೋಧಕರು ಕೋವಿಡ್ ಸಾವಿನ ಗ್ರಾಫನ್ನು ಅಮೆರಿಕದ ಜನರಿಗೆ ತೋರಿಸಿ, ಯಾವ ಅವಧಿಯಲ್ಲಿ ಸಾವು ಜಾಸ್ತಿ ಏರಿತು ಎಂದು ಕೇಳಿದ್ದರು. ಸಾಮಾನ್ಯ ಅಳತೆಯ ಗ್ರಾಫ್ ನೋಡಿದವರಲ್ಲಿ ಶೇ 84ರಷ್ಟು ಜನ ಸರಿ ಹೇಳಿದರು. ಲಾಗ್ ಅಳತೆ ನೋಡಿದವರಲ್ಲಿ ಸರಿ ಹೇಳಿದ್ದು ಶೇ 41 ಮಾತ್ರ.

ಹಾಗಾಗಿ ಗೆರೆಗಳಿಗೆ ಏನು ಬರೆಯುತ್ತೇವೆ ಎಂಬುದೇ ಇಲ್ಲಿ ಅರ್ಧ ಕೆಲಸ. ಸಾಫ್ಟ್‌ವೇರ್‌ಗಳು ಎಷ್ಟೋ ಸಲ ತಾವಾಗಿ 10³, 10⁴ ಎಂದು ಬರೆದುಬಿಡುತ್ತವೆ. ಅದನ್ನು ನೋಡಿದವರು 3, 4 ಎಂದಷ್ಟೇ ಓದಿಕೊಂಡು ಮುಂದೆ ಹೋಗುತ್ತಾರೆ. ನಾನು ಅದನ್ನು ಅಳಿಸಿ ಮಾತಿನಲ್ಲೇ ಬರೆಯುತ್ತೇನೆ: ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ. ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಒಂದೊಂದು ಗೆರೆಗೂ ನಾವು ದಿನಾ ಆಡುವ ಹೆಸರೇ ಸಿಗುತ್ತದೆ. ಕೋಟಿ ದಾಟಿದ ಮೇಲೆ ಹತ್ತು ಕೋಟಿ, ನೂರು ಕೋಟಿ ಎಂದರೆ ಸಾಕು. ಮಿಲಿಯನ್, ಬಿಲಿಯನ್ ಬೆರೆಸಿದರೆ ಓದುವವರಿಗೆ ಮತ್ತೆ ಸೊನ್ನೆ ಎಣಿಸುವ ಕೆಲಸ.

ಅಕ್ಷದ ಪಕ್ಕದಲ್ಲೇ ಒಂದು ಸಾಲು ಇರಲಿ: "ಪ್ರತಿ ಗೆರೆ ಅದರ ಕೆಳಗಿನ ಗೆರೆಯ ಹತ್ತು ಪಟ್ಟು". ಅಡಿಟಿಪ್ಪಣಿಯಲ್ಲಿ ಹಾಕಿದರೆ ಯಾರೂ ನೋಡುವುದಿಲ್ಲ. ಗೆರೆಗಳ ನಡುವಿನ ಬೆಲೆಯನ್ನು ಓದುಗರ ಊಹೆಗೆ ಬಿಡದೆ, ಮುಖ್ಯ ಚುಕ್ಕಿಗಳ ಪಕ್ಕದಲ್ಲೇ ಅಂಕಿ ಬರೆದುಬಿಡಿ. ಅಕ್ಕನ ಮಗಳ ಪ್ರಶ್ನೆಯ ನಂತರ ನಾನು ಮಾಡಿದ್ದೂ ಅದನ್ನೇ.

ಲಾಗ್ ಅಳತೆಯಲ್ಲಿ ಸೊನ್ನೆಗೆ ಜಾಗವೇ ಇಲ್ಲ. ಹತ್ತರಿಂದ ಎಷ್ಟು ಸಲ ಭಾಗಿಸಿದರೂ ಸೊನ್ನೆ ಬರುವುದಿಲ್ಲ, ಅಲ್ವಾ? ಆದ್ದರಿಂದ ಇಲ್ಲಿ ಕಂಬದ ಗ್ರಾಫ್ ಬೇಡ. ಕಂಬದ ಎತ್ತರವನ್ನು ನಾವು ನೆಲದಿಂದ ಅಳೆಯುತ್ತೇವೆ. ಇಲ್ಲಿ ನೆಲ ಯಾವುದು ಎಂಬುದನ್ನು ಬರೆದವರೇ ಇಟ್ಟಿರುತ್ತಾರೆ. ನನ್ನ ಹಾಳೆಯಲ್ಲಿ ತಳವನ್ನು ಸಾವಿರದ ಬದಲು ನೂರಕ್ಕೆ ಇಳಿಸಿದರೆ, ಅದೇ ಅಳತೆಯಲ್ಲಿ 4004ರ ಕಂಬ 0.7ರಿಂದ 2.7 ಸೆಂ.ಮೀ.ಗೆ ಬೆಳೆದುಬಿಡುತ್ತದೆ. ಟ್ರಾನ್ಸಿಸ್ಟರ್ ಮಾತ್ರ ಅಷ್ಟೇ 2,300. ಚುಕ್ಕಿ ಮತ್ತು ಗೆರೆಯೇ ಸಾಕು.

ಇನ್ನೊಂದು ಮಾತು. ತಳದ ಮೆಟ್ಟಿಲು ಏರಿದಾಗ ಸೇರಿದ್ದು ಒಂಬತ್ತು ಸಾವಿರ. ತುದಿಯ ಮೆಟ್ಟಿಲಿನಲ್ಲಿ ಸೇರುವುದು ಒಂಬತ್ತು ಸಾವಿರ ಕೋಟಿ. ಹಾಳೆಯಲ್ಲಿ ಎರಡೂ 2 ಸೆಂ.ಮೀ. ಒಟ್ಟು ಎಷ್ಟು ಸೇರಿತು ಎಂಬುದೇ ಮುಖ್ಯವಾದರೆ ಲಾಗ್ ಅಳತೆ ಅದನ್ನು ಮರೆಮಾಡುತ್ತದೆ. ಅದಕ್ಕೇ ಮೊದಲು ಬರೆದ ಗ್ರಾಫನ್ನು ನಾನು ಎಸೆಯಲಿಲ್ಲ. ಚಿಕ್ಕದಾಗಿ ಮತ್ತೆ ಬರೆದು, ಲಾಗ್ ಗ್ರಾಫ್‌ನ ಎಡ ಮೂಲೆಯಲ್ಲಿ ಖಾಲಿ ಇದ್ದ ಜಾಗಕ್ಕೆ ಅಂಟಿಸಿದೆ.