ಮೆಲಟೋನಿನ್ ಕೊಟ್ಟರೆ ಬೇಗ ಮಲಗ್ತಾನೆ, ಮೂರಕ್ಕೆ ಏಳ್ತಾನೆ. ಡೋಸ್ ಹೆಚ್ಚಿಸಬೇಕಾ?

ಪ್ರಶ್ನೆ: ನಮ್ಮ ಮಗನಿಗೆ 6 ವರ್ಷ, ಆಟಿಸಂ ಇದೆ. ರಾತ್ರಿ 12 ಆದರೂ ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರ್ 3 ಮಿಲಿಗ್ರಾಂ ಮೆಲಟೋನಿನ್ ಬರೆದುಕೊಟ್ಟ ಮೇಲೆ 10ಕ್ಕೆ ಮಲಗುತ್ತಾನೆ. ಆದರೆ ನಸುಕಿನ 3ಕ್ಕೆ ಎದ್ದು ಆಟಕ್ಕೆ ನಿಲ್ಲುತ್ತಾನೆ. ಇನ್ನೊಂದು ಗುಳಿಗೆ ಕೊಡಬಹುದೇ? ಇದನ್ನು ಎಷ್ಟು ವರ್ಷ ಕೊಡಬಹುದು? (ಗದಗಿನ ಒಬ್ಬ ತಾಯಿ)

ಉತ್ತರ: 3 ಗಂಟೆಗೆ ಎದ್ದಾಗ ಇನ್ನೊಂದು ಗುಳಿಗೆ ಕೊಡಬೇಡಿ. ಸಂಜೆಯ ಡೋಸನ್ನೂ ನೀವಾಗಿಯೇ ಹೆಚ್ಚಿಸಬೇಡಿ. ಗುಳಿಗೆ ತನ್ನ ಕೆಲಸ ಮಾಡಿದೆ. ಈಗ ಉಳಿದಿರುವುದು ಬೇರೆಯೇ ತೊಂದರೆ.

ಮೆಲಟೋನಿನ್ ಎಂದರೆ ರಾತ್ರಿಯಾಯಿತೆಂದು ತಿಳಿಸಲು ದೇಹವೇ ತಯಾರಿಸುವ ಹಾರ್ಮೋನ್; ಗುಳಿಗೆಯಲ್ಲಿರುವುದೂ ಅದೇ. ಸಾದಾ ಮೆಲಟೋನಿನ್ ಗುಳಿಗೆಯ ಅಂಶ ರಕ್ತದಲ್ಲಿ ಸುಮಾರು ಒಂದು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. 9ಕ್ಕೆ ಕೊಟ್ಟದ್ದು 3ರ ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ಅದಕ್ಕೇ ಇದು ನಿದ್ದೆ ಹತ್ತಿಸುತ್ತದೆ, ನಿದ್ದೆಯನ್ನು ಹಿಡಿದಿಡುವುದು ಕಡಿಮೆ. ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದೂ ಇದೇ. ಮಕ್ಕಳಿಗೆ ಸುಮಾರು 38 ನಿಮಿಷ ಬೇಗ ನಿದ್ದೆ ಹತ್ತಿತು, ಆದರೆ ಬೆಳಿಗ್ಗೆ ಬೇಗ ಎದ್ದಿದ್ದರಿಂದ ಒಟ್ಟು ನಿದ್ದೆ ಹೆಚ್ಚಿದ್ದು ಸುಮಾರು 22 ನಿಮಿಷ ಮಾತ್ರ. ನಸುಕಿನಲ್ಲಿ ಕೊಡುವ ಗುಳಿಗೆ ದೇಹದ ಗಡಿಯಾರವನ್ನು ಹಿಂದಕ್ಕೆ ತಳ್ಳಬಹುದು. ಆಗ ಮರುದಿನ ರಾತ್ರಿ ನಿದ್ದೆ ಮತ್ತೆ ತಡವಾಗುತ್ತದೆ.

ಸಾಮಾನ್ಯವಾಗಿ 1ರಿಂದ 3 ಮಿಲಿಗ್ರಾಂನಿಂದ, ಚಿಕ್ಕ ಮಕ್ಕಳಲ್ಲಿ ಅರ್ಧ ಮಿಲಿಗ್ರಾಂನಿಂದಲೂ, ಶುರು ಮಾಡುತ್ತಾರೆ. ಮಲಗುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಟ್ಟು, ವಾರ ಎರಡು ವಾರ ನೋಡಿ, ಬೇಕಿದ್ದರೆ ಡಾಕ್ಟರೇ ಒಂದೊಂದು ಮಿಲಿಗ್ರಾಂ ಏರಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ 5-6ರೊಳಗೇ ಸಾಕಾಗುತ್ತದೆ. 10 ಮಿಲಿಗ್ರಾಂ ಮೇಲಿನ ಮಿತಿ, ಗುರಿಯಲ್ಲ. ಮೊದಲು ಚೆನ್ನಾಗಿ ಕೆಲಸ ಮಾಡಿ ಕೆಲವು ವಾರಗಳ ನಂತರ ಪರಿಣಾಮ ಕುಂದಿದರೆ, ಔಷಧ ದೇಹದಲ್ಲಿ ನಿಧಾನವಾಗಿ ಕರಗಿ ಹಗಲಿಗೂ ಉಳಿಯುತ್ತಿರಬಹುದು. ಅಂಥ ಮಗುವಿಗೆ ಡೋಸ್ ಇಳಿಸಿದರೇ ಗುಣ ಕಾಣುತ್ತದೆ. ಬೆಳಿಗ್ಗೆ ಮಂಪರು, ತಲೆನೋವು, ಸಿಡಿಮಿಡಿ ಹೆಚ್ಚಾದರೂ ಡೋಸ್ ಜಾಸ್ತಿಯಾಗಿರಬಹುದು ಎಂದು ಡಾಕ್ಟರಿಗೆ ತಿಳಿಸಿ.

ಹಾಗಾದರೆ 3ಕ್ಕೆ ಏಳುವುದೇಕೆ? ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಗುಳಿಗೆ ಕೊಟ್ಟ ಹೊತ್ತು, ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು, ಮಧ್ಯಾಹ್ನದ ನಿದ್ದೆ, ಸಂಜೆ ಕುಡಿದ ಚಹಾ. ಚಹಾ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಮಕ್ಕಳಿಗೂ ಸಂಜೆ ಅರ್ಧ ಕಪ್ ಕೊಡುವ ರೂಢಿ ಇದೆ, ಅದರ ಕೆಫೀನ್ ರಾತ್ರಿಯವರೆಗೂ ಎಚ್ಚರ ಇಡುತ್ತದೆ. ನೀವು ತಟ್ಟುತ್ತಿರುವಾಗ ಅಥವಾ ಮೊಬೈಲ್ ನೋಡುತ್ತಾ ಮಲಗಿದ ಮಗು, ನಡುವೆ ಎಚ್ಚರವಾದಾಗ ಅದನ್ನೇ ಹುಡುಕುತ್ತದೆ. ಆಗ ದೀಪ ಹಚ್ಚದೆ, ಮೊಬೈಲ್ ಕೊಡದೆ, ಮಾತಾಡಿಸದೆ ಮತ್ತೆ ಮಲಗಿಸಿ. ಗೊರಕೆ, ಮಲಬದ್ಧತೆ, ಗುದದ ಬಳಿ ತುರಿಕೆ, ಕಾಲು ಆಡಿಸುತ್ತಲೇ ಇರುವುದು ಇವೆಯೇ ನೋಡಿ. ಕಾಲಿನ ಚಡಪಡಿಕೆ ಇದ್ದರೆ ಕಬ್ಬಿಣಾಂಶದ ಫೆರಿಟಿನ್ ಪರೀಕ್ಷೆ ಮಾಡಿಸಲು ಕೇಳಿ. ಕಬ್ಬಿಣಾಂಶ ಕಡಿಮೆಯಿದ್ದರೆ ಮೆಲಟೋನಿನ್‌ನಿಂದ ಅದು ಸರಿಹೋಗದು.

ಇದೆಲ್ಲ ನೋಡಿದ ಮೇಲೂ ಎಚ್ಚರ ಮುಂದುವರಿದರೆ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಯ ಬಗ್ಗೆ ಡಾಕ್ಟರರ ಹತ್ತಿರ ಮಾತಾಡಿ. ಆಟಿಸಂ ಮಕ್ಕಳಿಗೆಂದೇ ಪರೀಕ್ಷಿಸಿದ ಅಂಥ ಗುಳಿಗೆಯ ಡೋಸ್ 2 ಮಿಲಿಗ್ರಾಂನಿಂದ ಶುರುವಾಗಿ 5ಕ್ಕೆ, ಕೊನೆಗೆ 10ಕ್ಕೆ ಹೋಗುತ್ತದೆ. ಅದನ್ನು ಹಾಲಿನಲ್ಲಿ ಪುಡಿ ಮಾಡಿ ಕೊಟ್ಟರೆ ಎಲ್ಲ ಒಮ್ಮೆಲೇ ಬಿಡುಗಡೆಯಾಗಿ ಮತ್ತೆ ಸಾದಾ ಗುಳಿಗೆಯಂತೆಯೇ ಆಗುತ್ತದೆ. ಅಗಿಯದೆ ಇಡಿಯಾಗಿ ನುಂಗಲು ಆಗದ ಮಗುವಿಗೆ ಅದು ಸರಿಹೊಂದುವುದಿಲ್ಲ.

ಬ್ರ್ಯಾಂಡನ್ನು ಪದೇ ಪದೇ ಬದಲಿಸಬೇಡಿ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಉತ್ಪನ್ನ ಪರೀಕ್ಷಿಸಿದಾಗ ಕೆಲವದರಲ್ಲಿ ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಬಹಳ ಕಡಿಮೆ, ಒಂದರಲ್ಲಂತೂ ನಾಲ್ಕೈದು ಪಟ್ಟು ಹೆಚ್ಚು ಮೆಲಟೋನಿನ್ ಇತ್ತು. ಫಿಟ್ಸ್ ಇದ್ದರೆ, ಬೇರೆ ಔಷಧ ನಡೆಯುತ್ತಿದ್ದರೆ ಎಲ್ಲವನ್ನೂ ಡಾಕ್ಟರಿಗೆ ತಿಳಿಸಿ. ಖಿನ್ನತೆ, ಗೀಳಿನ ತೊಂದರೆಗೆ ಕೊಡುವ ಫ್ಲೂವೊಕ್ಸಮೈನ್ ಮತ್ತು ಆ್ಯಂಟಿಬಯೋಟಿಕ್ ಆದ ಸಿಪ್ರೊಫ್ಲಾಕ್ಸಸಿನ್ ರಕ್ತದಲ್ಲಿನ ಮೆಲಟೋನಿನ್ ಮಟ್ಟವನ್ನು ಏರಿಸುತ್ತವೆ.

ಎಷ್ಟು ವರ್ಷ ಎಂಬ ಪ್ರಶ್ನೆಯ ಹಿಂದೆ ಇರುವ ಭಯ ಮುಖ್ಯವಾಗಿ ಪ್ರೌಢಾವಸ್ಥೆಯದು. ಆ ವಯಸ್ಸಿನಲ್ಲಿ ದೇಹದ ಸ್ವಂತ ಮೆಲಟೋನಿನ್ ಇಳಿಯುವುದರಿಂದ ಹೊರಗಿನಿಂದ ಕೊಟ್ಟದ್ದು ಪ್ರೌಢಾವಸ್ಥೆಯನ್ನೇ ತಡೆಯಬಹುದೇ ಎಂಬ ಅನುಮಾನ ಹುಟ್ಟಿತು. ನಿಧಾನ ಬಿಡುಗಡೆಯ ಗುಳಿಗೆ ಪಡೆದ ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ ಎತ್ತರ, ತೂಕ, ಪ್ರೌಢಾವಸ್ಥೆಯ ಬೆಳವಣಿಗೆಯಲ್ಲಿ ತೊಂದರೆ ಕಾಣಲಿಲ್ಲ. ಅದಕ್ಕಿಂತ ದೀರ್ಘವಾದ ಮಾಹಿತಿ ಕಡಿಮೆ. ಆದ್ದರಿಂದ ಬೆಳವಣಿಗೆಯನ್ನು ವರ್ಷಕ್ಕೊಮ್ಮೆ ಅಳೆಸಿ. ವರ್ಷಕ್ಕೊಮ್ಮೆ, ಡಾಕ್ಟರಿಗೆ ಹೇಳಿ, ಡೋಸ್ ಇಳಿಸಿ ಒಂದೆರಡು ವಾರ ನಿಲ್ಲಿಸಿಯೂ ನೋಡಬೇಕು. ಇದಕ್ಕೆ ದಸರಾ ರಜೆ ಒಳ್ಳೆಯದು. ಏಪ್ರಿಲ್-ಮೇ ಸೆಕೆಗೆ ಎಲ್ಲರ ನಿದ್ದೆಯೂ ಕೆಡುವುದರಿಂದ, ಗುಳಿಗೆ ಬೇಕೋ ಬೇಡವೋ ಆಗ ತಿಳಿಯುವುದಿಲ್ಲ. ಬಿಟ್ಟ ಕೆಲವೇ ದಿನಗಳಲ್ಲಿ ನಿದ್ದೆ ಮತ್ತೆ 12ಕ್ಕೆ ಹೋದರೆ ಅದು ಚಟವಲ್ಲ, ಹಳೆಯ ತೊಂದರೆ ಇನ್ನೂ ಇದೆ ಎಂದರ್ಥ. ಆಗ ಅದೇ ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡಬಹುದು.