ಮುರುಗಲು ಸಿರಪ್ಪಿನ ಲೇಬಲ್‌ನಲ್ಲಿ 16 ಕಿಲೋಜೂಲ್ ಎಲ್ಲಿ ಹೋಯಿತು?

ಶಿರಸಿ ಹತ್ತಿರದ ಹಳ್ಳಿಯಲ್ಲಿ ಮುರುಗಲು ಹಣ್ಣಿನ ಸಿರಪ್ ಮಾಡುವ ಒಬ್ಬರು ಲೇಬಲ್ಲಿನ ಕರಡು ಹಿಡಿದುಕೊಂಡು ಬಂದಿದ್ದರು. ಆಸ್ಟ್ರೇಲಿಯಾದ ಅಂಗಡಿಯೊಂದಕ್ಕೆ ಬಾಟಲಿ ಕಳಿಸಬೇಕಿತ್ತು. ನಮ್ಮ ದೇಶದ ಲೇಬಲ್‌ನಲ್ಲಿ ಶಕ್ತಿಯನ್ನು kcal ಲೆಕ್ಕದಲ್ಲಿ ಬರೆಯುತ್ತೇವೆ. ಅಲ್ಲಿ kJ ಇರಲೇಬೇಕು.

"ಮೇಡಂ, 4.184 ರಿಂದ ಗುಣಿಸಿಯೇ ಬರೆದಿದ್ದೇನೆ. ಆದರೂ ಲೆಕ್ಕ ತಾಳೆ ಆಗುತ್ತಿಲ್ಲ ಅಂತ ವಾಪಸ್ ಕಳಿಸಿದ್ದಾರೆ," ಅಂದರು.

ಗುಣಾಕಾರದಲ್ಲಿ ತಪ್ಪಿರಲಿಲ್ಲ. ಒಂದು ಕಿಲೋಕ್ಯಾಲರಿ ಅಂದರೆ 4.184 ಕಿಲೋಜೂಲ್, ಅದು ಸರಿಯೇ. ಅವರ ಸಿರಪ್ಪಿನಲ್ಲಿ 100 ಮಿಲಿಲೀಟರಿಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಇತ್ತು, ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯೇ. ಗ್ರಾಂಗೆ 4 ರಂತೆ 240 kcal. ಅದನ್ನು 4.184 ರಿಂದ ಗುಣಿಸಿ 1004 kJ ಅಂತ ಬರೆದಿದ್ದರು.

ಆದರೆ ಅಲ್ಲಿಯ ನಿಯಮದಲ್ಲಿ ಕಿಲೋಜೂಲನ್ನು ಕಿಲೋಕ್ಯಾಲರಿಯಿಂದ ತೆಗೆಯುವುದಿಲ್ಲ. ನೇರವಾಗಿ ಗ್ರಾಂನಿಂದಲೇ ತೆಗೆಯುತ್ತಾರೆ. ಕಾರ್ಬೊಹೈಡ್ರೇಟ್ ಮತ್ತು ಪ್ರೋಟೀನಿಗೆ ಗ್ರಾಂಗೆ 17 kJ, ಕೊಬ್ಬಿಗೆ 37, ನಾರಿಗೆ 8. ಯುರೋಪಿನಲ್ಲೂ ಇವೇ ಅಂಕಿಗಳು. 60 ಅನ್ನು 17 ರಿಂದ ಗುಣಿಸಿದರೆ 1020. ಅಲ್ಲಿಗೆ ಆ 16 ಸಿಕ್ಕಿತು ಅಲ್ವಾ?

ಯಾಕೆ ಹೀಗೆ? 4 ಕಿಲೋಕ್ಯಾಲರಿಗೆ ನಿಜವಾಗಿ 16.7 ಕಿಲೋಜೂಲ್. ಅದನ್ನು ಪೂರ್ಣ ಸಂಖ್ಯೆ ಮಾಡಿ 17 ಇಟ್ಟುಕೊಂಡಿದ್ದಾರೆ. ಕೊಬ್ಬಿನಲ್ಲಿ ಇದು ತಿರುವುಮುರುವು. ಕೊಬ್ಬಿನ 9 ಅನ್ನುವುದು ಮೂಲದಲ್ಲಿ 8.9. ಕಿಲೋಕ್ಯಾಲರಿಯಲ್ಲಿ ಅದು ಮೇಲಕ್ಕೆ ಹೋಗಿ 9 ಆಯಿತು, ಕಿಲೋಜೂಲಿನಲ್ಲಿ 37.2 ಕೆಳಕ್ಕೆ ಬಂದು 37 ಆಯಿತು. ಹಾಗಾಗಿ 100 ಗ್ರಾಂ ತೆಂಗಿನೆಣ್ಣೆಗೆ 900 kcal ಮತ್ತು 3700 kJ. ಸುಮ್ನೆ 4.184 ರಿಂದ ಗುಣಿಸಿದ್ದರೆ 3766 ಬರುತ್ತಿತ್ತು. ಸಿಹಿ ಜಾಸ್ತಿ ಇದ್ದರೆ ಗುಣಾಕಾರ ಕಡಿಮೆ ತೋರಿಸುತ್ತದೆ, ಎಣ್ಣೆ ಜಾಸ್ತಿ ಇದ್ದರೆ ಹೆಚ್ಚು ತೋರಿಸುತ್ತದೆ.

ಹಲಸಿನ ಚಿಪ್ಸ್ ಮಾಡುವವರಿಗೆ ಇನ್ನೊಂದು ಮಾತು. ಕೆಲವು ಲ್ಯಾಬ್ ವರದಿಗಳಲ್ಲಿ ಕಾರ್ಬೊಹೈಡ್ರೇಟಿನೊಳಗೇ ನಾರೂ ಸೇರಿರುತ್ತದೆ. ಅದನ್ನು ಮೊದಲು ಕಳೆಯಿರಿ. ಇಲ್ಲದಿದ್ದರೆ 8 ಹಾಕಬೇಕಾದ ಕಡೆ 17 ಬಿದ್ದುಬಿಡುತ್ತದೆ.

ಕೈಯಲ್ಲಿ kcal ಮಾತ್ರ ಇದ್ದು, ಗ್ರಾಂ ಲೆಕ್ಕ ಇಲ್ಲದಿದ್ದರೆ 4.184 ರಿಂದ ಗುಣಿಸುವುದು ಅಂದಾಜಿಗೆ ಸಾಕು. ಮುದ್ರಣಕ್ಕೆ ಕೊಡುವ ಮುಂಚೆ ಮಾತ್ರ kJ ಅಂಕಿಯನ್ನು kcal ಅಂಕಿಯಿಂದ ಭಾಗಿಸಿ ನೋಡಿ. ಉತ್ತರ 4 ಮತ್ತು 4.25 ರ ನಡುವೆ ಇರಬೇಕು. ನಮ್ಮ ಸಿರಪ್ಪಿಗೆ 1020 ಭಾಗಿಸು 240, ಅಂದರೆ 4.25. ಸಕ್ಕರೆಯೇ ತುಂಬಿದ ಪದಾರ್ಥಕ್ಕೆ ಅದೇ ಬರಬೇಕು. 0.24 ಬಂದರೆ ಎರಡು ಅಂಕಿಗಳು ಅದಲುಬದಲಾಗಿವೆ ಎಂದರ್ಥ.